ದಾಖಲೆ ಕೈಯಲ್ಲಿಲ್ಲದಾಗ ಸಾಧನೆಯನ್ನು ಅಂಕಿಯಲ್ಲಿ ಬರೆಯುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯ ಒಂದು ಬೀಜ–ಗೊಬ್ಬರದ ಸಗಟು ಅಂಗಡಿಯ ಆಫೀಸಿನಲ್ಲಿ 2021ರಿಂದ ನಾಲ್ಕು ವರ್ಷ ಕೆಲಸ ಮಾಡಿ ಬಿಟ್ಟಿದ್ದೇನೆ. ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯ ಚಿಲ್ಲರೆ ಅಂಗಡಿಗಳ ಆರ್ಡರ್ ತೆಗೆದುಕೊಂಡು ಮಾಲು ಕಳಿಸುವುದು, ಬಾಕಿ ಕೇಳುವುದು ನನ್ನ ಕೆಲಸವಾಗಿತ್ತು. ಮುಂಗಾರಿನಲ್ಲಿ ದಿನಕ್ಕೆ 35–40 ಆರ್ಡರ್ ಬರುತ್ತಿದ್ದವು, ತಪ್ಪು ಮಾಲು ಹೋಗಿ ದಿನಾ ಒಂದಾದರೂ ವಾಪಸ್ ಬರುತ್ತಿತ್ತು. 2023ರ ಬೇಸಿಗೆಯಲ್ಲಿ ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುವುದನ್ನು ಬಿಟ್ಟು, ವಾಟ್ಸಾಪ್‌ನಲ್ಲಿ ಒಂದೇ ನಮೂನೆಯ ಪಟ್ಟಿ ಕಳಿಸಬೇಕೆಂದು ಮಾಡಿದೆ. ಆಮೇಲೆ ವಾರಕ್ಕೆ ಒಂದೋ ಎರಡೋ ಅಷ್ಟೇ. ಬಾಕಿಯೂ ಬೇಗ ಬರತೊಡಗಿತು. ಈಗ ರೆಸ್ಯೂಮ್‌ನಲ್ಲಿ ಸಾಧನೆಗಳನ್ನು ಅಂಕಿಯಲ್ಲಿ ಬರೆಯಿರಿ ಎನ್ನುತ್ತಾರೆ. ನನ್ನ ಹತ್ತಿರ ಒಂದು ದಾಖಲೆಯೂ ಇಲ್ಲ, ಸುಳ್ಳು ಬರೆಯಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯೊಳಗೇ ಮೂರು ಅಂಕಿಗಳಿವೆ. ದಿನಕ್ಕೆ ಎಷ್ಟು ಆರ್ಡರ್, ಮೊದಲು ಎಷ್ಟು ವಾಪಸ್, ಆಮೇಲೆ ಎಷ್ಟು ವಾಪಸ್ ಎಂಬುದನ್ನು ನೀವು ಯಾವ ಕಡತವನ್ನೂ ನೋಡದೆ ಹೇಳಿದ್ದೀರಿ. ಅವು ನಿಖರವಲ್ಲ, ಆದರೆ ಕಲ್ಪನೆಯೂ ಅಲ್ಲ. ಅಂದಾಜಿಗೂ ಸುಳ್ಳಿಗೂ ಇರುವ ವ್ಯತ್ಯಾಸವನ್ನು ನಾನು ಒಂದೇ ಪರೀಕ್ಷೆಯಿಂದ ಅಳೆಯುತ್ತೇನೆ: ಈ ಅಂಕಿಗೆ ಹೇಗೆ ಬಂದಿರಿ ಎಂದು ಯಾರಾದರೂ ಕೇಳಿದರೆ, ಬಂದ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ತೋರಿಸಲು ನಿಮಗೆ ಸಾಧ್ಯವೇ? ಸಾಧ್ಯವಾದರೆ ಅದು ಅಂದಾಜು. ಯಾರೋ ಬರೆದ ಮಾದರಿ ರೆಸ್ಯೂಮ್ ನೋಡಿ ‘ಶೇ. 40ರಷ್ಟು ಸುಧಾರಣೆ’ ಎಂದು ಎತ್ತಿ ಬರೆದುಕೊಂಡಿದ್ದರೆ ಅದಕ್ಕೆ ದಾರಿಯೇ ಇರುವುದಿಲ್ಲ, ಸಂದರ್ಶನದ ಎರಡನೆಯ ಪ್ರಶ್ನೆಗೇ ಅದು ಬಯಲಾಗುತ್ತದೆ. ನೇಮಕಾತಿ ಸಂದರ್ಶನಗಳಲ್ಲಿ ಮೇಜಿನ ಈಚೆ ಕುಳಿತು ಕೇಳುವವನಾಗಿ ಈ ಮಾತನ್ನು ಹೇಳುತ್ತಿದ್ದೇನೆ.

ಮಾಡಿದ್ದೆಲ್ಲಕ್ಕೂ ಅಂಕಿ ಹುಡುಕಲು ಹೋಗಬೇಡಿ. ನಿಮ್ಮ ನಾಲ್ಕು ವರ್ಷಗಳ ಕೆಲಸದಲ್ಲಿ ಅಳೆಯಲು ಅತ್ಯಂತ ಯೋಗ್ಯವಾದದ್ದು ತಪ್ಪು ಮಾಲು ವಾಪಸ್ ಬರುವುದು ಕಡಿಮೆಯಾದದ್ದು, ಏಕೆಂದರೆ ಅದು ಎಣಿಸಬಹುದಾದ ಘಟನೆ. ಒಂದು ಅಂಗಡಿಯವರು 10:26:26 ಗೊಬ್ಬರ ಕೇಳಿದ್ದಾರೆ, ಗದ್ದಲದಲ್ಲಿ 20:20:0:13 ಎಂದು ಬರೆದುಕೊಂಡಿದ್ದೀರಿ, ಚೀಲಗಳು ಜಗಳೂರಿನವರೆಗೆ ಹೋಗಿ ಸಂಜೆ ಅದೇ ಗಾಡಿಯಲ್ಲಿ ತಿರುಗಿ ಬಂದಿವೆ. ಇಂಥದ್ದು ಆಯಿತೋ ಇಲ್ಲವೋ ಎಂಬುದರಲ್ಲಿ ಸಂಶಯವಿಲ್ಲ, ಎಷ್ಟು ಸಲ ಆಯಿತು ಎಂಬುದೊಂದೇ ಪ್ರಶ್ನೆ. ‘ಗ್ರಾಹಕರ ತೃಪ್ತಿ ಹೆಚ್ಚಾಯಿತು’ ಎಂಬುದಕ್ಕೆ ಹೀಗೆ ಎಣಿಸುವ ಹಿಡಿ ಇಲ್ಲ. ಅದನ್ನು ಬಿಡಿ.

ಎಣಿಸಲು ಹೊರಟಾಗ ‘ವರ್ಷಕ್ಕೆ ಎಷ್ಟು’ ಎಂದು ನೆನಪನ್ನು ಕೇಳಬಾರದು, ಅಷ್ಟು ದೊಡ್ಡ ಅವಧಿಯನ್ನು ಯಾರ ನೆನಪೂ ಲೆಕ್ಕ ಇಟ್ಟಿರುವುದಿಲ್ಲ. ನೆನಪು ಹಿಡಿದಿಟ್ಟುಕೊಳ್ಳುವ ಅಳತೆ ದಿನ ಅಥವಾ ವಾರ. ನಿಮ್ಮ ವಿಷಯದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳನ್ನು, ಅಂದರೆ ಮೆಕ್ಕೆಜೋಳದ ಬಿತ್ತನೆ ಮತ್ತು ಮೇಲುಗೊಬ್ಬರದ ಕಾಲವನ್ನು ಮಾತ್ರ ತೆಗೆದುಕೊಳ್ಳಿ, ಏಕೆಂದರೆ ನಿಮಗೆ ಸ್ಪಷ್ಟವಾಗಿ ನೆನಪಿರುವುದು ಆ ದಿನಗಳೇ. ಮೂರು ತಿಂಗಳು ಎಂದರೆ 13 ವಾರ. ವಾರಕ್ಕೆ ಆರು ಕೆಲಸದ ದಿನ. ದಿನಕ್ಕೆ ಒಂದಾದರೂ ಎಂಬ ನಿಮ್ಮ ಮಾತನ್ನು ವಾರಕ್ಕೆ 5ರಿಂದ 6 ಎಂದು ಬರೆದುಕೊಳ್ಳೋಣ. ಆಮೇಲಿನದು ವಾರಕ್ಕೆ 1ರಿಂದ 2.

ಇಲ್ಲಿ ಬಹಳ ಜನ ಒಂದು ಮಧ್ಯದ ಅಂಕಿಯನ್ನು ಹಿಡಿದು ಮುಂದೆ ಹೋಗುತ್ತಾರೆ. ಹಾಗೆ ಮಾಡದೆ ಎರಡು ತುದಿಗಳನ್ನೂ ಲೆಕ್ಕ ಮಾಡಿ. ನಿಮಗೆ ಅತ್ಯಂತ ಅನುಕೂಲವಾದ ಜೋಡಿ ಮೊದಲು 6, ಆಮೇಲೆ 1. ಇದರಲ್ಲಿ ಇಳಿಕೆ ಶೇ. 83. ಅತ್ಯಂತ ಪ್ರತಿಕೂಲವಾದ ಜೋಡಿ ಮೊದಲು 5, ಆಮೇಲೆ 2. ಇದರಲ್ಲಿ ಇಳಿಕೆ ಶೇ. 60. ನಿಜ ಎಲ್ಲೋ ಇವೆರಡರ ನಡುವೆ ಇದೆ. ಈ ಎರಡು ತುದಿಗಳ ಅಂತರವೇ ನಿಮ್ಮ ನೆನಪು ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆ. ಒಂದು ತುದಿ ಶೇ. 10, ಇನ್ನೊಂದು ಶೇ. 80 ಎಂದು ಬಂದಿದ್ದರೆ ಆ ಅಂಕಿಯನ್ನು ರೆಸ್ಯೂಮ್‌ಗೆ ತರಲೇಬಾರದು ಎಂದು ಹೇಳುತ್ತಿದ್ದೆ.

ಆದರೆ ಶೇ. 60 ಎಂಬ ಕೆಳತುದಿಯನ್ನೂ ನಾನು ಇನ್ನೂ ನಂಬುವುದಿಲ್ಲ. ಕಾರಣ, ತೊಂದರೆ ಕೊಟ್ಟದ್ದು ನೆನಪಿನಲ್ಲಿ ದೊಡ್ಡದಾಗಿ ಉಳಿಯುತ್ತದೆ. ಮಾಲು ವಾಪಸ್ ಬಂದ ದಿನ ಮಾಲೀಕರ ಸಿಟ್ಟು, ಅಂಗಡಿಯವರ ಬೈಗುಳ, ಹಮಾಲರ ಗೊಣಗಾಟ ಎಲ್ಲ ಸೇರಿರುತ್ತವೆ. ಏನೂ ಆಗದ ದಿನ ಮರೆತುಹೋಗುತ್ತದೆ. ಆದ್ದರಿಂದ ಮೊದಲಿನ ಅಂಕಿಯನ್ನು ಹಿಗ್ಗಿಸಿ ಹೇಳುವುದು ಅಪ್ರಾಮಾಣಿಕತೆಯಲ್ಲ, ನೆನಪಿನ ಸಹಜ ದೋಷ. ಆ ದೋಷವನ್ನು ಸರಿದೂಗಿಸಲು ಇನ್ನೊಬ್ಬರ ನೆನಪು ಬೇಕು, ಮತ್ತು ನಿಮ್ಮ ವಿಷಯದಲ್ಲಿ ಅದಕ್ಕೆ ಎಲ್ಲರಿಗಿಂತ ಯೋಗ್ಯರು ಗಾಡಿಯ ಚಾಲಕರು. ವಾಪಸ್ ಬಂದ ಚೀಲಗಳನ್ನು ಹೊತ್ತು ತಂದವರು ಅವರೇ. ಅವರಿಗೆ ಫೋನ್ ಮಾಡಿ, ‘ಅಣ್ಣ, ಆಗ ಸೀಸನ್ನಿನಲ್ಲಿ ವಾರಕ್ಕೆ ಎಷ್ಟು ಸಲ ಮಾಲು ವಾಪಸ್ ತರುತ್ತಿದ್ದಿರಿ?’ ಎಂದು ಕೇಳಿ. ‘ದಿನಾ ತರುತ್ತಿದ್ದಿರಿ ಅಲ್ಲವೇ?’ ಎಂದು ಮಾತ್ರ ಕೇಳಬೇಡಿ. ನಿಮ್ಮ ಅಂಕಿಯನ್ನು ಮೊದಲು ಬಾಯಿಗೆ ಇಟ್ಟರೆ ಅವರು ಹೌದೆನ್ನುತ್ತಾರೆ, ಆಗ ಇಬ್ಬರ ಸಾಕ್ಷ್ಯ ಸಿಕ್ಕಂತಾಗುವುದಿಲ್ಲ, ನಿಮ್ಮ ಮಾತೇ ನಿಮಗೆ ಮರಳಿ ಕೇಳಿಸಿದಂತಾಗುತ್ತದೆ.

ಅವರು ‘ನಾಲ್ಕೈದು ಸಲ’ ಎಂದರು ಎಂದುಕೊಳ್ಳಿ. ಈಗ ನಿಮ್ಮ ಮೊದಲಿನ ವ್ಯಾಪ್ತಿ 4ರಿಂದ 6 ಆಗುತ್ತದೆ. ಪ್ರತಿಕೂಲ ಜೋಡಿ 4 ಮತ್ತು 2. ಇಳಿಕೆ ಶೇ. 50. ಈ ಅಂಕಿಯನ್ನು ನಾನು ನಂಬುತ್ತೇನೆ, ಏಕೆಂದರೆ ನೆನಪಿನ ಉಬ್ಬರವನ್ನು ತೆಗೆದ ಮೇಲೂ, ಇಬ್ಬರನ್ನು ಬೇರೆಬೇರೆಯಾಗಿ ಕೇಳಿದ ಮೇಲೂ ಅದು ನಿಂತಿದೆ. ಹಳೆಯ ಕಚೇರಿಯ ಲೆಕ್ಕದಲ್ಲಿ ಇದಕ್ಕಿಂತ ಗಟ್ಟಿಯಾದ ಆಧಾರ ಇರಬಹುದು: ಬಿಲ್ ಆದ ಮೇಲೆ ವಾಪಸ್ ಬಂದ ಮಾಲಿಗೆ ಕ್ರೆಡಿಟ್ ನೋಟ್ ಮಾಡುತ್ತಾರೆ, ಅದಕ್ಕೆ ಕ್ರಮಸಂಖ್ಯೆ ಇರುತ್ತದೆ, ಮೇ ಕೊನೆಯ ಸಂಖ್ಯೆಯನ್ನು ಆಗಸ್ಟ್ ಕೊನೆಯ ಸಂಖ್ಯೆಯಿಂದ ಕಳೆದರೆ ಆ ಅವಧಿಯ ಕ್ರೆಡಿಟ್ ನೋಟ್‌ಗಳ ಲೆಕ್ಕ ಸಿಗುತ್ತದೆ. ಹಳೆಯ ಮಾಲೀಕರೊಂದಿಗೆ ಸಂಬಂಧ ಚೆನ್ನಾಗಿದ್ದರೆ ಈ ಎರಡು ಸಂಖ್ಯೆಗಳನ್ನು ಮಾತ್ರ ಕೇಳಬಹುದು. ಕೊಡದಿದ್ದರೆ ಅಲ್ಲಿಗೇ ಬಿಡಿ. ಅಲ್ಲಿ ಈಗಲೂ ಕೆಲಸ ಮಾಡುವ ಗೆಳೆಯರಿಂದ ಲೆಕ್ಕದ ಫೋಟೋ ತರಿಸಿಕೊಳ್ಳುವುದು ಅವರ ಕೆಲಸಕ್ಕೇ ಕುತ್ತು ತರಬಹುದು, ಹೊಸ ಮಾಲೀಕರ ಕಣ್ಣಿನಲ್ಲೂ ಅದು ನಿಮ್ಮ ಪರವಾಗಿ ನಿಲ್ಲುವುದಿಲ್ಲ.

ಇನ್ನು ಮೊದಲು ಮತ್ತು ಆಮೇಲೆ ಎಂಬುದಕ್ಕೆ ಯಾವ ಕಾಲವನ್ನು ಹಿಡಿಯಬೇಕು ಎಂಬ ಪ್ರಶ್ನೆ. ಪ್ರಾಮಾಣಿಕರು ಕೂಡ ಎಡವುವುದು ಇಲ್ಲೇ. ಜೂನ್ ತಿಂಗಳನ್ನು ನವೆಂಬರ್‌ಗೆ ಹೋಲಿಸಿದರೆ ಯಾವ ಪಟ್ಟಿಯನ್ನೂ ಜಾರಿಗೆ ತರದಿದ್ದರೂ ವಾಪಸಾತಿ ಕಡಿಮೆ ಕಾಣುತ್ತದೆ, ಏಕೆಂದರೆ ಆರ್ಡರ್‌ಗಳೇ ಕಡಿಮೆ. ಆದ್ದರಿಂದ ಮುಂಗಾರನ್ನು ಮುಂಗಾರಿಗೇ ಹೋಲಿಸಬೇಕು. ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬದಲಾವಣೆ ಮಾಡಿದ್ದು 2023ರ ಬೇಸಿಗೆಯಲ್ಲಿ. ಹಾಗಾದರೆ 2022ರ ಮುಂಗಾರನ್ನು 2023ರ ಮುಂಗಾರಿಗೆ ಹೋಲಿಸುವುದು ಸಹಜವೆನಿಸುತ್ತದೆ. ಆದರೆ 2023 ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಮಳೆಯಿಲ್ಲದ ವರ್ಷ ಗೊಬ್ಬರದ ವ್ಯಾಪಾರವೂ ಇಳಿಯುತ್ತದೆ.

ಇದು ಎಷ್ಟು ವ್ಯತ್ಯಾಸ ಮಾಡುತ್ತದೆ ಎಂದು ನೋಡಿ. ಒಳ್ಳೆಯ ವರ್ಷ ದಿನಕ್ಕೆ 35ರಂತೆ ವಾರಕ್ಕೆ 210 ಆರ್ಡರ್, ಅದರಲ್ಲಿ 5 ವಾಪಸ್ ಎಂದಿಟ್ಟುಕೊಳ್ಳೋಣ. ಬರದ ವರ್ಷ ಆರ್ಡರ್ ದಿನಕ್ಕೆ 25ಕ್ಕೆ ಇಳಿದಿತ್ತು ಎಂದುಕೊಂಡರೆ ವಾರಕ್ಕೆ 150. ತಪ್ಪಿನ ಪ್ರಮಾಣ ಒಂದಿಷ್ಟೂ ಬದಲಾಗದಿದ್ದರೂ ವಾಪಸಾತಿ ಮೂರೂವರೆಗೆ ಬಂದು ನಿಲ್ಲುತ್ತದೆ. ಆ ಇಳಿಕೆ ಮಳೆರಾಯನದು, ನಿಮ್ಮದಲ್ಲ. ಆದ್ದರಿಂದ 2023ನ್ನು ಪಕ್ಕಕ್ಕಿಟ್ಟು, ಮಳೆ ಚೆನ್ನಾಗಿದ್ದ 2024ರ ಮುಂಗಾರನ್ನು 2022ರ ಮುಂಗಾರಿಗೆ ಹೋಲಿಸಿ. ನೀವು ಹೇಳಿದ ‘ವಾರಕ್ಕೆ ಒಂದೋ ಎರಡೋ’ ಎಂಬುದು ಯಾವ ವರ್ಷದ ನೆನಪು ಎಂಬುದನ್ನು ನಿಮ್ಮಷ್ಟಕ್ಕೆ ನೀವೇ ಖಚಿತಪಡಿಸಿಕೊಳ್ಳಿ. ಅದು 2023ರದಾಗಿದ್ದರೆ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಬೇಕು.

ಇದಕ್ಕಿಂತಲೂ ಭದ್ರವಾದ ಉಪಾಯ ವಾಪಸಾತಿಯನ್ನು ನೂರು ಆರ್ಡರ್‌ಗೆ ಇಷ್ಟು ಎಂದು ಹೇಳುವುದು. ಆಗ ಆರ್ಡರ್ ಹೆಚ್ಚಾದರೂ ಕಡಿಮೆಯಾದರೂ ಹೋಲಿಕೆ ಕೆಡುವುದಿಲ್ಲ. ವಾರಕ್ಕೆ 210 ಆರ್ಡರ್‌ನಲ್ಲಿ 4ರಿಂದ 6 ವಾಪಸ್ ಎಂದರೆ ನೂರಕ್ಕೆ ಸುಮಾರು ಎರಡರಿಂದ ಮೂರು. ಆಮೇಲಿನ 1ರಿಂದ 2 ಎಂದರೆ ನೂರಕ್ಕೆ ಒಂದು ಅಥವಾ ಅದಕ್ಕೂ ಕಡಿಮೆ. ಇಲ್ಲಿ ಶೇಕಡಾವಾರಿನ ಒಂದು ಗೊಂದಲವನ್ನು ಬಿಡಿಸಿಕೊಳ್ಳಿ. ನೂರಕ್ಕೆ ಎರಡು ಇದ್ದದ್ದು ಒಂದಾದರೆ ಅದು ಶೇ. 50ರ ಇಳಿಕೆಯೂ ಹೌದು, ನೂರಕ್ಕೆ ಒಂದರಷ್ಟು ಇಳಿಕೆಯೂ ಹೌದು. ‘ವಾಪಸಾತಿ ಶೇ. 1ರಷ್ಟು ಇಳಿಯಿತು’ ಎಂದು ಬರೆದರೆ ನಿಮ್ಮ ಕೆಲಸ ಏನೂ ಇಲ್ಲದಂತೆ ಕಾಣುತ್ತದೆ, ‘ಶೇ. 50 ಇಳಿಯಿತು’ ಎಂದಷ್ಟೇ ಬರೆದರೆ ಮೊದಲು ಅರ್ಧ ಮಾಲು ತಪ್ಪಾಗಿ ಹೋಗುತ್ತಿತ್ತೇನೋ ಎಂಬ ಭಾವನೆ ಬರುತ್ತದೆ. ಎರಡೂ ತುದಿಯ ಅಂಕಿಗಳನ್ನು ಬರೆದರೆ ಓದುವವರು ತಾವೇ ತೂಗಿ ನೋಡುತ್ತಾರೆ.

ಈ ಇಳಿಕೆ ನಿಮ್ಮ ಪಟ್ಟಿಯಿಂದಲೇ ಆಯಿತೇ ಎಂಬುದೂ ಇತ್ಯರ್ಥವಾಗಬೇಕು. ಅನುಭವವುಳ್ಳ ಸಂದರ್ಶಕರು ಖಂಡಿತ ಕೇಳುವ ಪ್ರಶ್ನೆ ಇದು. ಇದನ್ನು ಕಂಡುಕೊಳ್ಳಲು ದಾಖಲೆ ಬೇಕಿಲ್ಲ, ವಾಪಸ್ ಬಂದ ಮಾಲಿನ ಬಗೆಗಳನ್ನು ನೆನಪಿಸಿಕೊಂಡರೆ ಸಾಕು. ಕೇಳಿದ ಗೊಬ್ಬರವೇ ಬೇರೆ, ಹೋದ ಗೊಬ್ಬರವೇ ಬೇರೆ. ಕೇಳಿದ ತಳಿಯ ಬೀಜ ಬಿಟ್ಟು ಇನ್ನೊಂದು ತಳಿ. ಹದಿನೈದು ಚೀಲ ಎಂದದ್ದು ಐವತ್ತು ಎಂದು ಕೇಳಿಸಿದ್ದು: ಇವೆಲ್ಲ ಫೋನಿನಲ್ಲಿ ಕೇಳಿ ಬರೆದುಕೊಳ್ಳುವಾಗ ಆಗುವ ತಪ್ಪುಗಳು. ಬರವಣಿಗೆಯ ಪಟ್ಟಿ ಬಂದಾಗ ಇವು ಕಡಿಮೆಯಾಗಲೇಬೇಕು. ಆದರೆ ಚೀಲ ಹರಿದು ವಾಪಸ್ ಬಂದದ್ದು, ಪಕ್ಕದ ಅಂಗಡಿಯಲ್ಲಿ ಅಗ್ಗವಾಯಿತೆಂದು ಅಂಗಡಿಯವರು ಬೇಡವೆಂದದ್ದು, ಇವಕ್ಕೂ ನಿಮ್ಮ ಪಟ್ಟಿಗೂ ಸಂಬಂಧವಿಲ್ಲ. 2024ರಲ್ಲಿ ಮೊದಲ ಬಗೆ ಹೆಚ್ಚುಕಡಿಮೆ ನಿಂತು, ಉಳಿದ ಒಂದೆರಡು ವಾಪಸಾತಿಗಳು ಎರಡನೆಯ ಬಗೆಯವೇ ಆಗಿದ್ದರೆ ಇಳಿಕೆಗೆ ಪಟ್ಟಿಯೇ ಕಾರಣ ಎಂದು ನೀವು ಧೈರ್ಯವಾಗಿ ಹೇಳಬಹುದು. ಎರಡೂ ಬಗೆಗಳು ಒಟ್ಟಿಗೆ ಇಳಿದಿದ್ದರೆ ಬೇರೇನೋ ಬದಲಾಗಿದೆ, ಗೋದಾಮಿಗೆ ಹೊಸಬರು ಬಂದಿರಬಹುದು ಅಥವಾ ಮಾಲೀಕರು ವಾಪಸ್ ತೆಗೆದುಕೊಳ್ಳುವುದನ್ನೇ ಬಿಗಿ ಮಾಡಿರಬಹುದು. ಆಗ ‘ನಾನು ಇಳಿಸಿದೆ’ ಎನ್ನದೆ ‘ಇಳಿಯಲು ನೆರವಾಯಿತು’ ಎನ್ನಬೇಕಾಗುತ್ತದೆ. ಪಟ್ಟಿಯ ನಮೂನೆ ಮಾಡುವಾಗ ಗೋದಾಮಿನ ಸಹೋದ್ಯೋಗಿ ಜೊತೆಗಿದ್ದರೆ ಆ ಮಾತೂ ಸೇರಲಿ.

ಇಷ್ಟೆಲ್ಲ ಆದ ಮೇಲೆ ರೆಸ್ಯೂಮ್‌ನಲ್ಲಿ ಉಳಿಯುವುದು ಎರಡೇ ಸಾಲು. ನಾನಾದರೆ ಹೀಗೆ ಬರೆಯುತ್ತೇನೆ: ‘ನಾಲ್ಕು ತಾಲ್ಲೂಕುಗಳ ಚಿಲ್ಲರೆ ಅಂಗಡಿಗಳಿಂದ ಮುಂಗಾರಿನಲ್ಲಿ ದಿನಕ್ಕೆ 35–40 ಆರ್ಡರ್ ಪಡೆದು ಮಾಲು ರವಾನೆ ಮಾಡುತ್ತಿದ್ದೆ. ಫೋನಿನ ಆರ್ಡರ್ ಬದಲು ವಾಟ್ಸಾಪ್‌ನಲ್ಲಿ ಒಂದೇ ನಮೂನೆಯ ಪಟ್ಟಿಯನ್ನು ಜಾರಿಗೆ ತಂದ ಮೇಲೆ, ಮುಂಗಾರಿನಲ್ಲಿ ವಾಪಸ್ ಬರುವ ಮಾಲು ವಾರಕ್ಕೆ ಅಂದಾಜು 4–6 ಸಲ ಇದ್ದದ್ದು 1–2ಕ್ಕೆ ಇಳಿಯಿತು (2022 ಮತ್ತು 2024ರ ಹೋಲಿಕೆ).’ ಇದರಲ್ಲಿ ಶೇಕಡಾವಾರು ಇಲ್ಲ, ಬೇಕಾಗಿಯೂ ಇಲ್ಲ. ಅರ್ಜಿಯ ನಮೂನೆಯಲ್ಲಿ ಒಂದೇ ಸಾಲಿಗೆ ಜಾಗವಿದ್ದರೆ ‘ತಪ್ಪು ರವಾನೆಯಿಂದಾಗುವ ವಾಪಸಾತಿಯನ್ನು ಕನಿಷ್ಠ ಅರ್ಧದಷ್ಟು ಇಳಿಸಿದೆ’ ಎಂದು ಬರೆಯಿರಿ. ‘ಕನಿಷ್ಠ’ ಎಂಬ ಪದವನ್ನು ಪ್ರತಿಕೂಲ ತುದಿಯ ಅಂಕಿಯ ಜೊತೆಗೆ ಮಾತ್ರ ಬಳಸಬೇಕು, ಮಧ್ಯದ ಅಂಕಿಗೆ ‘ಸುಮಾರು’ ಅಥವಾ ‘ಅಂದಾಜು’ ಸಾಕು. ಒಂದೇ ವಾಕ್ಯದಲ್ಲಿ ‘ಸುಮಾರು ಅಂದಾಜು ಹೆಚ್ಚುಕಡಿಮೆ’ ಎಂದು ಮೂರನ್ನೂ ತುಂಬಿದರೆ ನಿಮಗೇ ನಂಬಿಕೆಯಿಲ್ಲವೆಂದು ಓದುವವರಿಗೆ ಅನ್ನಿಸುತ್ತದೆ. ಹಾಗೆಯೇ ‘ಶೇ. 66.7’ ಎಂದು ದಶಮಾಂಶದವರೆಗೆ ಬರೆಯಬೇಡಿ. ದಶಮಾಂಶ ಕಂಡವರು ಇದರ ಹಿಂದೆ ದಾಖಲೆ ಇದೆ ಎಂದೇ ತಿಳಿಯುತ್ತಾರೆ, ಇಲ್ಲದ ದಾಖಲೆಯ ಭ್ರಮೆ ಹುಟ್ಟಿಸುವುದು ಕೂಡ ಸುಳ್ಳೇ.

ಇದನ್ನೇ ಹಣಕ್ಕೆ ಪರಿವರ್ತಿಸಿ ‘ವರ್ಷಕ್ಕೆ ಇಷ್ಟು ಸಾವಿರ ರೂಪಾಯಿ ಉಳಿಸಿದೆ’ ಎಂದು ಬರೆಯಲು ನಿಮಗೆ ಯಾರಾದರೂ ಸಲಹೆ ಕೊಡಬಹುದು. ನನ್ನ ಸಲಹೆ ಬೇಡ ಎಂಬುದು. ತಪ್ಪಿದ ವಾಪಸಾತಿಗಳ ಅಂದಾಜನ್ನು ಒಂದು ಟ್ರಿಪ್ಪಿನ ಖರ್ಚಿನ ಅಂದಾಜಿನಿಂದ ಗುಣಿಸಬೇಕು, ಡೀಸೆಲ್ ಎಷ್ಟು, ಹಮಾಲಿ ಎಷ್ಟು ಎಂಬುದನ್ನು ಮತ್ತೆ ಅಂದಾಜಿಸಬೇಕು, ಜೊತೆಗೆ ಎಷ್ಟೋ ಸಲ ವಾಪಸ್ ಮಾಲು ಹೇಗೂ ತಿರುಗಿ ಬರುವ ಗಾಡಿಯಲ್ಲೇ ಬಂದಿರುತ್ತದೆ, ಅದಕ್ಕೆ ಬೇರೆ ಖರ್ಚೇ ಆಗಿರುವುದಿಲ್ಲ. ಅಂದಾಜಿನ ಮೇಲೆ ಅಂದಾಜನ್ನು ಗುಣಿಸುತ್ತ ಹೋದಂತೆ ವ್ಯಾಪ್ತಿ ಹಿಗ್ಗಿ, ಕೊನೆಯ ಅಂಕಿ ಎರಡರಷ್ಟೋ ಮೂರರಷ್ಟೋ ತಪ್ಪಿರುವ ಸಾಧ್ಯತೆ ಇರುತ್ತದೆ. ವಾರಕ್ಕೆ ಎಷ್ಟು ಸಲ ಎಂಬಲ್ಲಿಯೇ ನಿಲ್ಲುವುದು ಕ್ಷೇಮ.

ಬಾಕಿ ವಸೂಲಿಯ ವಿಷಯಕ್ಕೆ ಬಂದರೆ, ಅದರ ಫಲಿತಾಂಶವನ್ನು ನಿಮ್ಮ ಹೆಸರಿಗೆ ಬರೆದುಕೊಳ್ಳಲು ಆಧಾರ ಸಾಲದು ಎಂದು ನನಗೆ ಅನ್ನಿಸುತ್ತದೆ. ಅಂಗಡಿಯವರು ಬೇಗ ಹಣ ಕಟ್ಟಿದ್ದು ನೀವು ಬಿಡದೆ ಕೇಳಿದ್ದರಿಂದಲೋ, ಬೆಳೆ ಬಂದು ರೈತರ ಕೈಗೆ ಹಣ ಸೇರಿದ್ದರಿಂದಲೋ, ಮಾಲೀಕರು ಉದ್ರಿಯ ಗಡುವು ಕಡಿಮೆ ಮಾಡಿದ್ದರಿಂದಲೋ ಬೇರ್ಪಡಿಸುವುದು ಕಷ್ಟ. ಇಂಥ ಕಡೆ ಫಲಿತಾಂಶದ ಬದಲು ಕೆಲಸದ ಗಾತ್ರವನ್ನು ಬರೆಯಬೇಕು: ಎಷ್ಟು ಅಂಗಡಿಗಳ ಬಾಕಿ ಖಾತೆ ನಿಮ್ಮ ಕೈಯಲ್ಲಿತ್ತು, ವಾರಕ್ಕೆ ಎಷ್ಟು ಸಲ ತಾಳೆ ನೋಡುತ್ತಿದ್ದಿರಿ. ಅಂಗಡಿಗಳ ಹೆಸರನ್ನು ಊರುವಾರು ಒಂದು ಹಾಳೆಯಲ್ಲಿ ಬರೆಯುತ್ತ ಹೋದರೆ ಎಣಿಕೆ ತಾನಾಗಿ ಸಿಗುತ್ತದೆ, ನೆನಪಿಗೆ ಬಾರದ ಐದಾರನ್ನು ಬಿಟ್ಟು ‘60ಕ್ಕೂ ಹೆಚ್ಚು’ ಎಂಬಂತೆ ಕೆಳಗಿನ ಪೂರ್ಣ ಸಂಖ್ಯೆಗೆ ಇಳಿಸಿ ಬರೆಯಬಹುದು. ಒಟ್ಟು ಬಾಕಿ ಎಷ್ಟು ಲಕ್ಷವಿತ್ತು ಎಂಬುದನ್ನು ಮಾತ್ರ ಬರೆಯಬೇಡಿ. ನೀವು ಅರ್ಜಿ ಹಾಕುವ ಸಂಸ್ಥೆ ಇದೇ ವ್ಯಾಪಾರದಲ್ಲಿದ್ದರೆ ಅದು ಹಳೆಯ ಮಾಲೀಕರ ಗುಟ್ಟನ್ನು ಎದುರಾಳಿಗೆ ಕೊಟ್ಟಂತೆ.

ಸಂದರ್ಶನಕ್ಕೆ ಹೋಗುವ ಮುನ್ನ ಈ ಲೆಕ್ಕವನ್ನು ಅರ್ಧ ಹಾಳೆಯಲ್ಲಿ ಬರೆದಿಟ್ಟುಕೊಂಡು ಒಂದೆರಡು ಸಲ ಬಾಯಲ್ಲಿ ಹೇಳಿ ನೋಡಿ. ದಾಖಲೆ ಇದೆಯೇ ಎಂದು ಕೇಳಿದರೆ ಇಲ್ಲ ಎಂದೇ ಉತ್ತರಿಸಿ, ತಕ್ಷಣ ಹೀಗೆ ಮುಂದುವರಿಸಿ: ‘ಇದು ನನ್ನ ಮತ್ತು ಗಾಡಿಯ ಚಾಲಕರ ನೆನಪಿನಿಂದ ಮಾಡಿದ ಅಂದಾಜು. ಬರ ಇದ್ದದ್ದರಿಂದ 2023ನ್ನು ಬಿಟ್ಟು 2022 ಮತ್ತು 2024ರ ಮುಂಗಾರನ್ನು ಹೋಲಿಸಿದ್ದೇನೆ. ನಮ್ಮಿಬ್ಬರ ಅಂಕಿಗಳಲ್ಲಿ ಕಡಿಮೆಯದನ್ನು ಹಿಡಿದರೂ ವಾಪಸಾತಿ ಅರ್ಧಕ್ಕೆ ಇಳಿದಿದೆ.’ ಚಾಲಕರು ನಾಲ್ಕೈದರ ಬದಲು ‘ವಾರಕ್ಕೆ ಎರಡು ಮೂರು ಸಲ’ ಎಂದುಬಿಟ್ಟರೆ ಕೆಳತುದಿಯಲ್ಲಿ ಮೊದಲೂ ಎರಡು, ಆಮೇಲೂ ಎರಡು ಎಂದಾಗುತ್ತದೆ. ಆಗ ಇಳಿಕೆಯ ಮಾತನ್ನು ರೆಸ್ಯೂಮ್‌ನಿಂದ ತೆಗೆದು, ಎಷ್ಟು ಅಂಗಡಿಗಳಿಗೆ ಪಟ್ಟಿಯ ಪದ್ಧತಿಯನ್ನು ಜಾರಿಗೆ ತಂದಿರಿ ಎಂಬುದನ್ನಷ್ಟೇ ಉಳಿಸಿಕೊಳ್ಳಿ.